ಉದ್ರಿ ಪುಸ್ತಕದ ಒಂದು ಪುಟ
‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡಿನ ಕೆಳಗೇ ಕಿರಾಣಿ ಅಂಗಡಿಯ ಉದ್ರಿ ಪುಸ್ತಕವೂ ಇರುತ್ತದೆ. ತಿಂಗಳಿಗೆ 3,000 ರೂಪಾಯಿ ಸಾಮಾನು ಒಯ್ಯುವ ಮನೆಗೆ ಮಿತಿಯೂ ಅಷ್ಟೇ. ಸಂಬಳವಾದ ಮೇಲೂ ಪುಟ ಚುಕ್ತಾ ಆಗದೆ ಒಂದಿಷ್ಟು ಮುಂದಕ್ಕೆ ಉರುಳತೊಡಗಿದರೆ ಅದೇ ಮೊದಲ ಸೂಚನೆ. ಬಾಕಿ 4,200 ಮುಟ್ಟಿತೆನ್ನಿ: ಅನುಭವಿ ಅಂಗಡಿಯವರು ಅಲ್ಲಿಗೆ ಗೆರೆ ಎಳೆದು, ಹೊಸ ಸಾಮಾನನ್ನು ನಗದಿಗೆ ಕೊಟ್ಟು, ಹಳೆಯದನ್ನು ತಿಂಗಳಿಗೆ 700ರಂತೆ ಆರು ಕಂತು ಮಾಡುತ್ತಾರೆ. ಕೇಳುವುದೂ ಗಿರಾಕಿ ಒಬ್ಬರೇ ಇದ್ದಾಗ. ನಾಲ್ಕು ಜನರ ಮುಂದೆ ಕೇಳಿಸಿಕೊಂಡವರು ಪಕ್ಕದ ಅಂಗಡಿ ಹಿಡಿಯುತ್ತಾರೆ, ಬಾಕಿಯೂ ಅವರ ಹಿಂದೆಯೇ ಹೋಗುತ್ತದೆ! ಗೆರೆಯ ಕೆಳಗೆ ತಾರೀಖು ಹಾಕಿ ಗಿರಾಕಿಯ ಸಹಿ ಪಡೆಯುವುದನ್ನು ಮಾತ್ರ ಹಲವರು ಮರೆಯುತ್ತಾರೆ. ವಾಯಿದೆ ಗೊತ್ತುಮಾಡದ ಉದ್ರಿಗೆ ದಾವೆಯ ಅವಧಿ ಸಾಮಾನು ಕೊಟ್ಟ ದಿನದಿಂದ 3 ವರ್ಷ. ಬಾಕಿ ಒಪ್ಪಿ ಅದರೊಳಗೆ ಹಾಕಿದ ಸಹಿಯಿಂದ ಆ ಅವಧಿ ಹೊಸದಾಗಿ ಶುರುವಾಗುತ್ತದೆ.