ಸಿ.ಎ. ಕನಸಿಗೆ ಐದು ವರ್ಷದ ಲೆಕ್ಕ

ಪಿಯುಸಿ ಆದ ಮೇಲೆ ಏನು ಎಂದು ಕೇಳಿದರೆ ನಮ್ಮ ವಾಣಿಜ್ಯ ವಿಭಾಗದ ಹಲವರು "ಸಿ.ಎ. ಮಾಡ್ತೀನಿ" ಅನ್ನುತ್ತಾರೆ. ಯಾವ ವರ್ಷ ಯಾವ ಪರೀಕ್ಷೆ ಎಂದರೆ ಸುಮ್ಮನಾಗುತ್ತಾರೆ. ಸಿ.ಎ. ಓದಿನಲ್ಲಿ ವರ್ಷ ಹಾಳಾಗುವುದು ಬರೀ ಫೇಲಾಗುವುದರಿಂದಲ್ಲ, ತಾರೀಖು ತಪ್ಪುವುದರಿಂದಲೂ ಹೌದು ಎಂಬುದು ನನ್ನ ಅಭಿಪ್ರಾಯ.

ಮೂಡಲಗಿಯ ಒಬ್ಬ ವಿದ್ಯಾರ್ಥಿನಿ 2026ರಲ್ಲಿ ದ್ವಿತೀಯ ಪಿಯುಸಿ ಮುಗಿಸುತ್ತಾಳೆ ಎಂದುಕೊಳ್ಳಿ. ಫೌಂಡೇಶನ್ ಪರೀಕ್ಷೆಗೆ ನಾಲ್ಕು ತಿಂಗಳು ಮೊದಲೇ ನೋಂದಣಿ ಆಗಿರಬೇಕು. ಸೆಪ್ಟೆಂಬರಿನಲ್ಲಿ ಬರೆಯಬೇಕಾದರೆ ಮೇ 1ರೊಳಗೆ ಹೆಸರು ಹಚ್ಚಬೇಕು. ಇದು ಮೊದಲ ವರ್ಷದ ಗುರಿ. ಕೈಯಿಂದ ತಪ್ಪಿಲ್ಲದೆ ಜಮಾ-ಖರ್ಚು ಬರೆಯುವುದು ಆ ವರ್ಷದ ಕೌಶಲ.

ಪಾಸಾದ ಮೇಲೆ ಇಂಟರ್‌ಮೀಡಿಯೆಟ್‌ಗೆ ಎಂಟು ತಿಂಗಳ ಓದು ಕಡ್ಡಾಯ. 2027ರ ಜನವರಿ 1ರೊಳಗೆ ನೋಂದಣಿಯಾದರೆ ಸೆಪ್ಟೆಂಬರಿನಲ್ಲಿ ಬರೆಯಬಹುದು. "ಹಬ್ಬ ಮುಗಿಯಲಿ, ಮದುವೆ ಮುಗಿಯಲಿ" ಎಂದು ಒಂದು ವಾರ ತಡಮಾಡಿದರೆ ಪರೀಕ್ಷೆ 2028ರ ಜನವರಿಗೆ ಹೋಗುತ್ತದೆ. ಒಂದು ವಾರದ ಆಲಸ್ಯಕ್ಕೆ ನಾಲ್ಕು ತಿಂಗಳ ದಂಡ! ಎರಡನೇ ವರ್ಷದ ಕೌಶಲ ಟ್ಯಾಲಿ ಮತ್ತು ಎಕ್ಸೆಲ್. ಪರಿಚಯದ ಅಂಗಡಿಯೊಂದರ ಒಂದು ತಿಂಗಳ ಲೆಕ್ಕ ಒಬ್ಬಳೇ ಬರೆದು ತಾಳೆ ಮಾಡಿದರೆ ಕೌಶಲ ಬಂದಂತೆ. ಪ್ರಮಾಣಪತ್ರ ಅದಕ್ಕೆ ಸಾಕ್ಷಿಯಲ್ಲ.

2028 ಮತ್ತು 2029 ಎರಡು ವರ್ಷದ ಆರ್ಟಿಕಲ್‌ಶಿಪ್. ಅಲ್ಲಿ ಜಿ.ಎಸ್.ಟಿ. ಮತ್ತು ಆಡಿಟ್ ಕೆಲಸ ಕೈಗೆ ಹತ್ತಬೇಕು. ಸಣ್ಣ ಊರಿನಲ್ಲಿ ಕನಿಷ್ಠ ಸ್ಟೈಪೆಂಡ್ ಕಡಿಮೆ. ಮನೆಯವರಿಗೆ ಇದನ್ನು ಮೊದಲೇ ಹೇಳಿ. ಆಮೇಲೆ ಆರು ತಿಂಗಳ ಓದು, 2030ರಲ್ಲಿ ಫೈನಲ್. ಎಲ್ಲವೂ ಸರಿ ನಡೆದರೆ ಐದು ವರ್ಷದೊಳಗೆ ಮುಗಿಯುತ್ತದೆ.

ಎಲ್ಲವೂ ಸರಿ ನಡೆಯುವುದು ಅಪರೂಪ. ಅದಕ್ಕೇ ವರ್ಷಕ್ಕೊಮ್ಮೆ ಪರಿಶೀಲನೆ ಬೇಕು. ಫಲಿತಾಂಶ ಬಂದ ವಾರವೇ ಅಬ್ಬಾ-ಅಮ್ಮಿ ಜೊತೆ, ಆಗದಿದ್ದರೆ ಒಬ್ಬ ಉಪನ್ಯಾಸಕರ ಜೊತೆ ಕುಳಿತುಕೊಳ್ಳಿ. ಫೌಂಡೇಶನ್ನಿನಲ್ಲಿ ಪ್ರತಿ ಪತ್ರಿಕೆಗೆ 40, ನಾಲ್ಕೂ ಸೇರಿ 400ಕ್ಕೆ 200 ಅಂಕ ಬೇಕು. ಒಂದರಲ್ಲಿ 39 ಬಂದರೂ ನಾಲ್ಕನ್ನೂ ಮತ್ತೆ ಬರೆಯಬೇಕು. ಆದ್ದರಿಂದ "ಫೇಲಾದೆ" ಎಂದಷ್ಟೇ ಬರೆಯಬೇಡಿ. ಯಾವ ಪತ್ರಿಕೆ ಕೆಳಗೆ ಎಳೆಯಿತು, ತಪ್ಪು ಉತ್ತರಕ್ಕೆ ಎಷ್ಟು ಅಂಕ ಕಡಿತವಾಯಿತು, ಮುಂದಿನ ನೋಂದಣಿ ಯಾವಾಗ ಎಂಬುದನ್ನು ಬರೆಯಿರಿ.

ಎರಡು ಸಲ ಫೌಂಡೇಶನ್ ಆಗದಿದ್ದರೆ? ಇದರ ಉತ್ತರ ಮೊದಲ ದಿನವೇ ಹಾಳೆಯಲ್ಲಿರಲಿ. ಬಿ.ಕಾಂ.ಗೆ ಸೇರಿಕೊಂಡೇ ಇರಿ. ಅದರಲ್ಲಿ ಶೇ. 55 ಅಂಕ ಪಡೆದವರು ಫೌಂಡೇಶನ್ ಇಲ್ಲದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಬಹುದು. "ಹುಡುಗಿ ಎರಡು ಸಲ ಫೇಲಾದಳು, ಓದು ಸಾಕು" ಎಂಬ ಮಾತು ಮನೆಯಲ್ಲಿ ಎದ್ದಾಗ ಅವಳ ಪರವಾಗಿ ಮಾತಾಡುವುದು ಆ ಹಾಳೆಯೇ.