ನೆರೆಯವನ ತಪ್ಪಿಗೆ ಇಡೀ ಕೇರಿಗೆ ದಂಡ

ಪುಣೆಯ ಒಂದು ಕನ್ನಡ ಸಂಘ ಬಾಡಿಗೆ ಸರ್ವರಿನಿಂದ ಸದಸ್ಯರಿಗೆ ಮೇಲ್ ಕಳಿಸುತ್ತದೆ ಎಂದುಕೊಳ್ಳಿ. ಜಿಮೇಲ್ ಬಳಸುವವರಲ್ಲಿ ಕೆಲವರಿಗೆ ಅದು ತಲುಪುತ್ತದೆ, ಕೆಲವರದು ವಾಪಸ್ ಬರುತ್ತದೆ. ಪೋಸ್ಟ್‌ಫಿಕ್ಸ್ ಲಾಗ್ ನೋಡಿದರೆ ಗುಟ್ಟು ಬಯಲಾಗುತ್ತದೆ: ವಾಪಸಾದವುಗಳ ಸಾಲಿನಲ್ಲಿ `relay=` ಆದಮೇಲೆ ಕೋಲನ್‌ಗಳಿಂದ ತುಂಬಿದ ಉದ್ದನೆಯ ವಿಳಾಸವಿದೆ. ಅಂದರೆ ಅವು ಐಪಿವಿ6 ದಾರಿಯಲ್ಲಿ ಹೋದವು.

ಇಲ್ಲಿಯವರೆಗಿನ ತಪ್ಪು ಸಂಘದ್ದೇ. ಈ ದಾರಿಯಲ್ಲಿ ಬಂದ ಮೇಲ್‌ಗೆ ಜಿಮೇಲ್ ರಿವರ್ಸ್ ದಾಖಲೆ ಕೇಳುತ್ತದೆ. ವಿಳಾಸ ಒಂದು ಹೆಸರನ್ನು ತೋರಿಸಬೇಕು, ಆ ಹೆಸರು ತಿರುಗಿ ಅದೇ ವಿಳಾಸವನ್ನು ತೋರಿಸಬೇಕು. ಐಪಿವಿ4 ವಿಳಾಸವನ್ನಷ್ಟೇ ಬರೆದಿದ್ದ ಎಸ್‌ಪಿಎಫ್‌ಗೂ ಹೊಸದನ್ನು ಸೇರಿಸಬೇಕು:

```
v=spf1 ip4:203.0.113.10 ip6:2001:db8:10:20::25 -all
```

ಆದರೆ ಮುಂದಿನ ತೊಂದರೆ ಸಂಘದ ಕೈಯಲ್ಲಿಲ್ಲ. ಒಂದು /64 ಗುಂಪಿನಲ್ಲಿ 2ರ 64ನೇ ಘಾತದಷ್ಟು ವಿಳಾಸಗಳಿರುತ್ತವೆ. ಸ್ಪ್ಯಾಮ್ ಕಳಿಸುವವನು ಪ್ರತಿ ಮೇಲ್‌ಗೂ ಹೊಸ ವಿಳಾಸ ಬಳಸಬಲ್ಲ. ಹಾಗಾಗಿ ಸ್ಪ್ಯಾಮ್‌ಹೌಸ್‌ನಂಥ ತಡೆಪಟ್ಟಿಗಳು ಇಡೀ /64 ಅನ್ನೇ ಸೇರಿಸುತ್ತವೆ. ಸರ್ವರ್ ಕೊಟ್ಟವರು ಹತ್ತಾರು ಗ್ರಾಹಕರನ್ನು ಒಂದೇ /64ರಲ್ಲಿ ಕೂರಿಸಿದ್ದರೆ, ಒಬ್ಬನ ತಪ್ಪಿಗೆ ಎಲ್ಲರ ಮೇಲ್ ನಿಲ್ಲುತ್ತದೆ.

ತಡೆಪಟ್ಟಿಯನ್ನು ಬೈದು ಫಲವಿಲ್ಲ. ಅದಕ್ಕೆ ಬೇರೆ ದಾರಿಯಿಲ್ಲ. ಪ್ರತಿ ಗ್ರಾಹಕನಿಗೂ ಸ್ವಂತ /64 ಕೊಡುವುದು ಬಾಡಿಗೆ ಕೊಟ್ಟವರ ಹೊಣೆ. ಐಪಿವಿ6ರಲ್ಲಿ ವಿಳಾಸಗಳಿಗೆ ಬರವಿಲ್ಲ, ಜಿಪುಣತನಕ್ಕೆ ಕಾರಣವೂ ಇಲ್ಲ. ಕೊಡಲೊಲ್ಲದ ಕಡೆ ಸಂಘ ಪೋಸ್ಟ್‌ಫಿಕ್ಸ್‌ನಲ್ಲಿ `inet_protocols = ipv4` ಎಂದು ಬರೆದು ಹಳೆಯ ದಾರಿಯಲ್ಲೇ ಕಳಿಸುವುದು ವಾಸಿ.