ಭಾನುವಾರದ ಮಹಾ ಬ್ರಿಕ್ ಬೇಡ, ಹದಿನೈದು ನಿಮಿಷ ಸಾಕು

(1/5)
ಮೊದಲ ಟ್ರಯಥ್ಲಾನ್‌ಗೆ ತಯಾರಿ ಮಾಡ್ತಿರೋರಿಗೆ ಗ್ರೂಪುಗಳಲ್ಲಿ ಸಿಗೋ ಸಲಹೆ ಒಂದೇ: "ಭಾನುವಾರ 60 ಕಿ.ಮೀ. ಸೈಕಲ್ ಹೊಡಿ, ಇಳಿದ ತಕ್ಷಣ 10 ಕಿ.ಮೀ. ಓಡು. ಅದೇ ನಿಜವಾದ ಬ್ರಿಕ್." ಸ್ಪ್ರಿಂಟ್ ರೇಸ್ ಅಂದ್ರೆ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಅಭ್ಯಾಸವೇ ರೇಸಿನ ಎರಡು ಮೂರು ಪಟ್ಟು ಆದ್ರೆ ಅದು ಧೈರ್ಯ ಅಲ್ಲ, ಲೆಕ್ಕ ತಪ್ಪಿದ್ದು. ಹೊಸಬರಿಗೆ ಈ ಸಲಹೆ ಕೊಡೋದನ್ನ ನಿಲ್ಲಿಸಬೇಕು ಅನ್ನೋದು ನನ್ನ ವಾದ.

(2/5)
ಬ್ರಿಕ್ ಏನು ಕಲಿಸುತ್ತೆ? ಸೈಕಲ್‌ನಿಂದ ಇಳಿದಾಗ ಕಾಲಿಗೆ ಇಟ್ಟಿಗೆ ಕಟ್ಟಿದ ಹಾಗಿರುತ್ತೆ. ಸೊಂಟ ಬಗ್ಗಿಸಿ ಒಂದೇ ಲಯದಲ್ಲಿ ತುಳಿದ ಕಾಲು, ಈಗ ನೆಟ್ಟಗೆ ನಿಂತು ಮೈಭಾರ ಹೊರಬೇಕು. ಜೊತೆಗೆ ವೇಗದ ಅಂದಾಜೂ ಕೆಡುತ್ತೆ. ಗಂಟೆಗೆ 25 ಕಿ.ಮೀ. ಹೋಗಿ ಬಂದವರಿಗೆ ಓಟ ತೆವಳಿದಂತೆ ಕಾಣುತ್ತೆ, ಗೊತ್ತಿಲ್ಲದೇ ಜೋರಾಗಿ ಹೊರಟುಬಿಡ್ತಾರೆ. ಈ ಎರಡೂ ತೊಂದರೆ ಇರೋದು ಹೆಚ್ಚಾಗಿ ಮೊದಲ ಹತ್ತು ಹದಿನೈದು ನಿಮಿಷ. ಆಮೇಲೆ ಅದು ಬರೀ ಸುಸ್ತಾದ ಕಾಲಿನ ಓಟ. ಕಲಿಯೋ ಪಾಠ ಮುಗಿದಿರುತ್ತೆ, ಹಿಮ್ಮಡಿ ಮತ್ತು ಮೀನಖಂಡಕ್ಕೆ ಪೆಟ್ಟು ಮಾತ್ರ ಬೀಳ್ತಿರುತ್ತೆ.

(3/5)
ಒಂದು ಉದಾಹರಣೆ ತಗೊಳ್ಳಿ. ಆಫೀಸಿಗೆ ಹೋಗೋರು, ಬರೀ 5 ಕಿ.ಮೀ. ಆದ್ರೆ 35 ನಿಮಿಷದಲ್ಲಿ ಓಡ್ತಾರೆ, ಅಂದ್ರೆ ಕಿಲೋಮೀಟರಿಗೆ 7 ನಿಮಿಷ. ಅವರ ವಾರ ಹೀಗಿರಲಿ:

ಸೋಮ – ರಜೆ (ಎಷ್ಟೋ ಈಜುಕೊಳಕ್ಕೂ ಅವತ್ತೇ ರಜೆ)
ಮಂಗಳ – ಈಜು 40 ನಿಮಿಷ
ಬುಧ – ಓಟ 30 ನಿಮಿಷ
ಗುರು – ಸೈಕಲ್ 45 ನಿಮಿಷ
ಶುಕ್ರ – ಈಜು 40 ನಿಮಿಷ
ಶನಿ – ಮಾತಾಡ್ತಾ ಓಡೋ ವೇಗದಲ್ಲಿ 40 ನಿಮಿಷ
ಭಾನು – ಬ್ರಿಕ್: ಸೈಕಲ್ 60 + ಓಟ 10 ನಿಮಿಷ

ಒಟ್ಟು ನಾಲ್ಕೂವರೆ ಗಂಟೆಯೊಳಗೆ ಮುಗೀತು. ಈಜು ಎರಡು ಸಲ ಯಾಕೆ ಅಂದ್ರೆ, ಅದು ದಮ್ಮಿಗಿಂತ ಹೆಚ್ಚಾಗಿ ಕೈಚಳಕದ ಕೆಲಸ. ವಾರಕ್ಕೊಂದೇ ಸಲ ನೀರಿಗಿಳಿದ್ರೆ ಕಲಿತದ್ದು ಮರೆತುಹೋಗುತ್ತೆ. ಭಾನುವಾರ ಮೈ ಹಿಂಡಿಕೊಂಡವರು ಮೊದಲು ತಪ್ಪಿಸೋದು ಮಂಗಳವಾರದ ಈಜನ್ನೇ.

(4/5)
ಆ ಹತ್ತು ನಿಮಿಷ ಮಾಡೋದು ಹೇಗೆ? ಸೈಕಲ್ ರಸ್ತೆಬದಿ ಬಿಟ್ಟು ಓಡೋಕಾಗಲ್ಲ, ಹಾಗಾಗಿ ಸವಾರಿ ಮನೆ ಹತ್ರ ಮುಗಿಯಲಿ. ಕೊನೆಯ ಐದು ನಿಮಿಷ ಹಗುರ ಗೇರಿನಲ್ಲಿ, ಕಾಲು ಬೇಗ ಬೇಗ ತಿರುಗಿಸಿ. ಶೂ ಬಾಗಿಲಲ್ಲೇ ಬಿಚ್ಚಿಟ್ಟಿರಿ. ಸೈಕಲ್ ಒಳಗಿಟ್ಟು ಐದು ನಿಮಿಷದೊಳಗೆ ಗೇಟ್ ದಾಟಿ. ಹೆಜ್ಜೆ ಚಿಕ್ಕದಾಗಿ, ಚುರುಕಾಗಿ ಇಡಿ. ನಮ್ಮ ಉದಾಹರಣೆಯವರು ಮೊದಲ ಕಿಲೋಮೀಟರನ್ನ 7 ನಿಮಿಷ 20 ಸೆಕೆಂಡಿಗಿಂತ ಬೇಗ ಮುಗಿಸಬಾರದು. ಗಡಿಯಾರ 6:15 ತೋರಿಸಿದ್ರೆ, ಎಷ್ಟೇ ಆರಾಮ ಅನಿಸಿದ್ರೂ ನಿಧಾನ ಮಾಡಿ. ರೇಸಿನಲ್ಲಿ ಮೂರನೇ ಕಿಲೋಮೀಟರಿಗೆ ನಡೆಯೋರು ಹೆಚ್ಚಾಗಿ ಹೀಗೆ ಹೊರಟವರೇ.

ಓಟದ ಭಾಗ ಮೊದಲ ವಾರ 10 ನಿಮಿಷ, ಆಮೇಲೆ 12, ಆಮೇಲೆ 15. ನಾಲ್ಕನೇ ವಾರ ಸೈಕಲ್ ಮಾತ್ರ. ಕಾಲಿನ ಭಾರ ವಾರದಿಂದ ವಾರಕ್ಕೆ ಬೇಗ ಇಳೀತಿದ್ರೆ ಕೆಲಸ ಆಗ್ತಿದೆ ಅಂತ ಅರ್ಥ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆಗೆ ಹಿಮ್ಮಡಿ ಹಿಡಿದ್ರೆ, ಇಲ್ಲಾ ಬುಧವಾರದ ಮಾಮೂಲಿ ಓಟಕ್ಕೇ ಏದುಸಿರು ಬಂದ್ರೆ, ಮುಂದಿನ ಭಾನುವಾರ ಸೈಕಲ್ ಇಳಿದು ಓಡಬೇಡಿ.

(5/5)
"ಹಾಗಾದ್ರೆ ಮನೋಬಲ ಎಲ್ಲಿಂದ ಬರುತ್ತೆ?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆಯೇ. ರೇಸಿಗೆ ಮೂರು ವಾರ ಇರುವಾಗ ಒಂದೇ ಒಂದು ಸಲ 20 ಕಿ.ಮೀ. ಸೈಕಲ್, 3 ಕಿ.ಮೀ. ಓಟ ಮಾಡಿ, ರೇಸಿನ ದಿನದ ಬಟ್ಟೆ, ಶೂ, ನೀರು ಎಲ್ಲಾ ಅದೇ ಇರಲಿ. ಮನಸ್ಸಿಗೆ ಬೇಕಾದ ಪರೀಕ್ಷೆ ಅಷ್ಟೇ. ಹಾಫ್ ಐರನ್‌ಮ್ಯಾನ್‌ನ 90 ಕಿ.ಮೀ. ಸೈಕಲ್‌ಗೆ ತಯಾರಾಗ್ತಿರೋರಿಗೆ ಉದ್ದ ಬ್ರಿಕ್ ಬೇಕಾಗುತ್ತೆ, ಒಪ್ಪುತ್ತೀನಿ. ಆದ್ರೆ ಅವರ ಹಿಂದೆ ವರ್ಷಗಳ ಓಟ ಇರುತ್ತೆ. ಅವರ ಭಾನುವಾರವನ್ನ ನಿನ್ನೆ ಸೈಕಲ್ ಕೊಂಡವರಿಗೆ ಹಂಚೋದು ಸಲಹೆ ಅಲ್ಲ. ಹಿಮ್ಮಡಿ ಹಿಡಿದು ಅವರು ರೇಸಿಗೇ ಬರದೇ ಹೋದ್ರೆ, ಸಲಹೆ ಕೊಟ್ಟವರು ಬಂದು ಐಸ್ ಇಡಲ್ಲ.

ನಿಮ್ಮ ಬ್ರಿಕ್‌ನ ಮೊದಲ ಕಿಲೋಮೀಟರ್ ಎಷ್ಟು ನಿಮಿಷ? ಬರೀ ಓಟದ ದಿನ ಎಷ್ಟು? ಎರಡೂ ಸಂಖ್ಯೆ ಕಾಮೆಂಟಲ್ಲಿ ಹಾಕಿ, ಅಲ್ಲೇ ಮಾತಾಡೋಣ.

#ಟ್ರಯಥ್ಲಾನ್_ಕನ್ನಡ #ಬ್ರಿಕ್ #ಈಜು_ಸೈಕಲ್_ಓಟ